ಆ 42 ರೋಗಿಗಳ ಪೇಪರ್: ಜರ್ನಲ್ ಕ್ಲಬ್‌ಗೆ ನಾನು ತಯಾರಾದ ರೀತಿ

ನಮ್ಮ ವಿಭಾಗದ ಜರ್ನಲ್ ಕ್ಲಬ್‌ನಲ್ಲಿ ಒಂದು ಪದ್ಧತಿ ಇದೆ. ಪೇಪರ್ ಮಂಡಿಸುವವರು ಅದರ ಕುಂದುಕೊರತೆಗಳನ್ನು ಪಟ್ಟಿ ಮಾಡಿದರೆ ಸಾಲದು. ಪ್ರತಿಯೊಂದು ಕುಂದಿಗೂ "ಇದರಿಂದ ಉತ್ತರ ಬದಲಾಗುತ್ತಾ?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಲೆಕ್ಕ ಹಾಕಿ ಉತ್ತರ ಕೊಡಬೇಕು. ನಮ್ಮ ಗೈಡ್ ಮೇಡಂ ಇದನ್ನು ಬಿಟ್ಟುಕೊಡುವವರೇ ಅಲ್ಲ. "ಸ್ಯಾಂಪಲ್ ಚಿಕ್ಕದು ಅಂತ ಯಾರು ಬೇಕಾದರೂ ಹೇಳಬಹುದು. ಚಿಕ್ಕದಾಗಿದ್ದರಿಂದ ಏನಾಯಿತು, ಅದನ್ನು ಹೇಳು" ಎನ್ನುತ್ತಾರೆ.

ನನ್ನ ಸರದಿ ಬಂದಾಗ ನಾನು ಆರಿಸಿಕೊಂಡದ್ದು 2020ರ ಮಾರ್ಚ್‌ನಲ್ಲಿ ಬಂದ ಫ್ರಾನ್ಸ್‌ನ ಒಂದು ಪೇಪರ್. ಮಾರ್ಸೆ ನಗರದ ಗೊತ್ರೆ, ರೌಲ್ ಮತ್ತು ಅವರ ಸಂಗಡಿಗರು ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟು ನೋಡಿದ ಅಧ್ಯಯನ. ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಆಂಟಿಮೈಕ್ರೋಬಿಯಲ್ ಏಜೆಂಟ್ಸ್‌ನಲ್ಲಿ ಪ್ರಕಟವಾಗಿತ್ತು. 2024ರ ಡಿಸೆಂಬರ್‌ನಲ್ಲಿ ಅದನ್ನು ಹಿಂಪಡೆದರು. "ಹಿಂಪಡೆದ ಪೇಪರನ್ನು ಮತ್ತೆ ಯಾಕೆ ಓದಬೇಕು?" ಎಂದು ಲ್ಯಾಬ್‌ನಲ್ಲಿ ಇಬ್ಬರು ಮೂವರು ಕೇಳಿದರು. ನನಗೆ ಅದು ಬೇಕಾಗಿದ್ದೇ ಒಂದು ಕಾರಣಕ್ಕೆ. ರೋಗಿಯೊಬ್ಬರಿಗೆ ಒಂದು ಸಾಲಿನಂತೆ, ದಿನ ದಿನದ ಪರೀಕ್ಷೆಯ ಫಲಿತಾಂಶ ಆ ಪೇಪರ್ ಜೊತೆಗೇ ಇದೆ. ಅಂದರೆ ಲೇಖಕರು ಹಾಕಿದ ಲೆಕ್ಕವನ್ನು ನಾವೂ ಹಾಕಿ ನೋಡಬಹುದು. ಇಂಥ ಅವಕಾಶ ದೊಡ್ಡ ದೊಡ್ಡ ಪೇಪರ್‌ಗಳಲ್ಲಿ ಸಿಗುವುದಿಲ್ಲ.

ನಮ್ಮ ದೇಶಕ್ಕೂ ಇದು ದೂರದ ಮಾತಲ್ಲ. ಆ ಪೇಪರ್ ಬಂದ ವಾರದಲ್ಲೇ, ಮಾರ್ಚ್ 22ರಂದು, ಐಸಿಎಂಆರ್ ಕಾರ್ಯಪಡೆ ಆರೋಗ್ಯ ಕಾರ್ಯಕರ್ತರಿಗೆ ಮುನ್ನೆಚ್ಚರಿಕೆಯಾಗಿ ಇದೇ ಮಾತ್ರೆ ತೆಗೆದುಕೊಳ್ಳಲು ಸಲಹೆ ಕೊಟ್ಟಿತ್ತು. ಅದು ಬೇರೆ ಆಧಾರದ ಮೇಲೆ, ಬೇರೆ ಉದ್ದೇಶಕ್ಕೆ ಕೊಟ್ಟ ಸಲಹೆ. ಎರಡನ್ನೂ ಗಂಟು ಹಾಕಬಾರದು. ಆದರೆ ಲೂಪಸ್, ಸಂಧಿವಾತದವರು ದಿನಾ ನುಂಗುವ ಮಾತ್ರೆ ಆ ದಿನಗಳಲ್ಲಿ ಮೆಡಿಕಲ್ ಶಾಪ್‌ಗಳಲ್ಲಿ ಸಿಗದೇ ಹೋಯಿತು ಅನ್ನುವುದು ಕೋಣೆಯಲ್ಲಿ ಕೂತಿದ್ದ ಎಲ್ಲರಿಗೂ ನೆನಪಿತ್ತು.

ನಾನು ಅಬ್‌ಸ್ಟ್ರಾಕ್ಟ್ ಓದದೆ ಮೆಥಡ್ಸ್‌ನಿಂದ ಶುರು ಮಾಡಿದೆ. ಓದುತ್ತಾ ಒಂದು ಬಿಳಿ ಹಾಳೆಯಲ್ಲಿ ರೋಗಿಗಳ ಹಾದಿ ಬರೆದುಕೊಂಡೆ. ಮೇಲೆ 42 ಜನ. ಅಲ್ಲಿಂದ ಎರಡು ಕವಲು. ಎಡಗಡೆ ಔಷಧಿ ಪಡೆದ 26 ಜನ, ಬಲಗಡೆ ಪಡೆಯದ 16 ಜನ. ಎಡಗಡೆಯವರಿಗೆ ದಿನಕ್ಕೆ ಮೂರು ಸಲ 200 ಮಿಲಿಗ್ರಾಂನಂತೆ ಹತ್ತು ದಿನ ಮಾತ್ರೆ. ಅವರಲ್ಲಿ 6 ಜನರಿಗೆ ಜೊತೆಗೆ ಅಜಿತ್ರೋಮೈಸಿನ್. ಆರನೇ ದಿನ ಮೂಗಿನಾಳದ ಸ್ವಾಬ್‌ನಲ್ಲಿ ವೈರಸ್ ಸಿಗುತ್ತದೋ ಇಲ್ಲವೋ ಎಂಬುದೇ ಫಲಿತಾಂಶ. ಕೊನೆಯ ಸಾಲಿನಲ್ಲಿ ಬಲಗಡೆ 16 ಹಾಗೇ ಉಳಿಯಿತು. ಎಡಗಡೆ ಮಾತ್ರ 26 ಹೋಗಿ 20 ಆಗಿತ್ತು.

ಪೇಪರ್‌ಗಳಲ್ಲಿ ಈ ಹಾದಿಯನ್ನು ಚಿತ್ರವಾಗಿ ಕೊಟ್ಟಿದ್ದರೂ ನಾನು ಕೈಯಲ್ಲಿ ಬರೆಯುತ್ತೇನೆ. ಯಾವ ಕವಲಿನಲ್ಲಿ ಎಷ್ಟು ಜನ ಸೋರಿಹೋದರು ಎಂಬುದು ಬರೆಯುವಾಗ ತಾನಾಗೇ ಕಣ್ಣಿಗೆ ಹೊಡೆಯುತ್ತದೆ. ಇಲ್ಲಿ ಸೋರಿದ್ದು ಒಂದೇ ಕಡೆ.

ಹಾಗೆ ಸೋರಿಹೋದ ಆರು ಜನ ಯಾರು? ಪೇಪರ್ ಅದನ್ನು ಬಚ್ಚಿಟ್ಟಿಲ್ಲ, ಸ್ಪಷ್ಟವಾಗಿ ಹೇಳುತ್ತದೆ. ಮೂವರನ್ನು ಐಸಿಯುಗೆ ಸಾಗಿಸಿದರು. ಒಬ್ಬರು ತೀರಿಕೊಂಡರು. ಒಬ್ಬರು ಆಸ್ಪತ್ರೆ ಬಿಟ್ಟು ಹೋದರು. ಒಬ್ಬರು ವಾಕರಿಕೆ ಬಂದು ಮಾತ್ರೆ ನಿಲ್ಲಿಸಿದರು. ಈ ಆರೂ ಜನರನ್ನು ಪೇಪರ್ ಒಂದೇ ಗುಂಪಿಗೆ ಸೇರಿಸಿ, ಚಿಕಿತ್ಸೆ ಬೇಗ ನಿಂತದ್ದರಿಂದ ಸಂಪರ್ಕ ತಪ್ಪಿದವರು ಎಂದು ಕರೆದಿದೆ. ಸ್ಲೈಡ್‌ನಲ್ಲಿ ಈ ಆರು ಸಾಲು ಮಾತ್ರ ಹಾಕಿ ಸ್ವಲ್ಪ ಹೊತ್ತು ಬಿಟ್ಟೆ. ಐಸಿಯುಗೆ ಹೋದವರು ಎಲ್ಲಿದ್ದಾರೆ ಎಂದು ಎಲ್ಲರಿಗೂ ಗೊತ್ತು. ಅವರು ಸಂಪರ್ಕ ತಪ್ಪಿದವರು ಹೇಗಾಗುತ್ತಾರೆ? ಔಷಧಿ ಕೆಲಸ ಮಾಡಿತೇ ಎಂದು ಕೇಳುವಾಗ ಎಲ್ಲರಿಗಿಂತ ಮೊದಲು ನೋಡಬೇಕಾದವರೇ ಅವರು.

ಕೋಣೆಯಲ್ಲಿ ಗುಸುಗುಸು ಶುರುವಾಯಿತು. ಹಿಂದಿನ ಸಾಲಿನಿಂದ ಒಬ್ಬ ಸೀನಿಯರ್, "ಮುಗೀತಲ್ಲ, ಇಷ್ಟು ಸಾಕು. ಅವರನ್ನು ಸೇರಿಸಿದ್ರೆ ರಿಸಲ್ಟ್ ಬಿದ್ದೇ ಹೋಗುತ್ತೆ" ಎಂದರು.

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಈ ಪೇಪರ್ ಬಗ್ಗೆ ಮಾತು ಬಂದಾಗೆಲ್ಲ ಮೊದಲು ಕೇಳಿಬರುವುದೂ ಈ ಆಕ್ಷೇಪವೇ. ಅದಕ್ಕೇ ನಾನು ಲೆಕ್ಕ ಹಾಕಿಕೊಂಡು ಹೋಗಿದ್ದೆ. ಪೇಪರ್ ಹೇಳುವ ಪ್ರಕಾರ ಆರನೇ ದಿನ ಔಷಧಿ ಪಡೆದ 20 ಜನರಲ್ಲಿ 14 ಜನ ನೆಗೆಟಿವ್, ಅಂದರೆ ಶೇಕಡ 70. ಪಡೆಯದ 16 ಜನರಲ್ಲಿ 2 ಜನ, ಅಂದರೆ ಶೇಕಡ 12.5. ಈಗ ಬಿಟ್ಟುಹೋದ ಆರೂ ಜನರನ್ನು ಸೇರಿಸೋಣ. ಔಷಧಿಗೆ ಅತ್ಯಂತ ಪ್ರತಿಕೂಲವಾದ ರೀತಿಯಲ್ಲಿ, ಆರಕ್ಕೆ ಆರೂ ಸೋಲು ಎಂದೇ ಇಟ್ಟುಕೊಳ್ಳೋಣ. 26ರಲ್ಲಿ 14 ಆಗುತ್ತದೆ, ಸುಮಾರು ಶೇಕಡ 54.

```r
# ಪೇಪರ್‌ನಲ್ಲಿ ಇದ್ದ ಹಾಗೆ: 14/20, 2/16
fisher.test(matrix(c(14, 6, 2, 14), nrow = 2))$p.value

# ಬಿಟ್ಟ 6 ಜನರನ್ನೂ ಸೋಲು ಎಂದು ಸೇರಿಸಿ: 14/26, 2/16
fisher.test(matrix(c(14, 12, 2, 14), nrow = 2))$p.value
```

ಇಲ್ಲಿ ಬರುವುದು ಪಿ ಮೌಲ್ಯ, ಅಂದರೆ ಔಷಧಿಯಿಂದ ಏನೂ ಆಗದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ. ಮೊದಲನೆಯದು 0.001ರ ಆಸುಪಾಸು ಬರುತ್ತದೆ. ಎರಡನೆಯದು ಸುಮಾರು 0.01. ಅಂದರೆ ವ್ಯತ್ಯಾಸ ಕಡಿಮೆಯಾಯಿತು, ಆದರೆ ಬಿದ್ದುಹೋಗಲಿಲ್ಲ. ಆರು ಜನರನ್ನು ಕೈಬಿಟ್ಟದ್ದು ತಪ್ಪು ವಿಧಾನ, ಅದರಲ್ಲಿ ಎರಡು ಮಾತಿಲ್ಲ. ಆದರೂ ಅದೊಂದರಿಂದಲೇ ಈ ಅಂಕಿ ಹುಟ್ಟಿತು ಎನ್ನಲಾಗುವುದಿಲ್ಲ. ಕಾರಣ ಬೇರೆ ಕಡೆ ಇರಬೇಕು.

ಇದನ್ನು ಹೇಳಿದಾಗ ಆ ಸೀನಿಯರ್ ಮುಂದಕ್ಕೆ ಬಗ್ಗಿ ಕೂತರು. ನನಗೆ ಬೇಕಾಗಿದ್ದೂ ಅದೇ. ಒಂದು ಪೇಪರ್ ತಪ್ಪು ಎಂದು ಮೊದಲೇ ಗೊತ್ತಿದ್ದಾಗ ಸಿಕ್ಕಿದ ಕಲ್ಲನ್ನೆಲ್ಲ ಎತ್ತಿ ಹೊಡೆಯುತ್ತೇವೆ. ಯಾವ ಕಲ್ಲು ತಗುಲಿತು ಎಂದು ನೋಡುವುದೇ ಇಲ್ಲ. ಹಾಗೆ ಮಾಡಿದರೆ ನಾಳೆ ಹಿಂಪಡೆಯದ, ಒಳ್ಳೆಯ ಹೆಸರಿರುವ ಪೇಪರ್ ಕೈಗೆ ಬಂದಾಗ ಎಲ್ಲಿ ನೋಡಬೇಕೆಂದು ಗೊತ್ತಾಗುವುದಿಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ನಾನು ಬಲಗಡೆಯ 16 ಜನರ ಕಡೆ ಹೋದೆ. ಇಡೀ ತಯಾರಿಯಲ್ಲಿ ಜಾಸ್ತಿ ಹೊತ್ತು ಕಳೆದದ್ದು ಇಲ್ಲೇ.

ಔಷಧಿ ಪಡೆದವರೆಲ್ಲ ಮಾರ್ಸೆಯ ಕೇಂದ್ರದವರು. ಪಡೆಯದವರಲ್ಲಿ ಎರಡು ಬಗೆ. ಕೆಲವರು ಮಾರ್ಸೆಯಲ್ಲೇ ಇದ್ದು ಚಿಕಿತ್ಸೆ ಬೇಡ ಎಂದವರು, ಅಥವಾ ಈ ಔಷಧಿ ಕೊಡಬಾರದ ಕಾರಣ ಇದ್ದವರು. ಉಳಿದವರು ಬೇರೆ ಆಸ್ಪತ್ರೆಗಳವರು, ನೀಸ್ ನಗರದವರು ಅವರಲ್ಲಿದ್ದರು. ಯಾರಿಗೆ ಔಷಧಿ, ಯಾರಿಗಿಲ್ಲ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ. ಸರಾಸರಿ ವಯಸ್ಸು ಔಷಧಿ ಪಡೆದ ಕಡೆ 51, ಪಡೆಯದ ಕಡೆ 37. ಇಷ್ಟು ನೋಡಿದ ತಕ್ಷಣ "ರ‍್ಯಾಂಡಮೈಸ್ ಮಾಡಿಲ್ಲ, ಗುಂಪುಗಳು ಸಮ ಇಲ್ಲ" ಎಂದು ಬರೆದು ಮುಂದೆ ಹೋಗಬಹುದು. ಆದರೆ ಮೇಡಂ ಕೇಳುವ ಪ್ರಶ್ನೆ ಇಲ್ಲೂ ಇದೆ. ಸಮ ಇಲ್ಲದಿದ್ದರೆ ಏನಾಯಿತು? ಕಿರಿಯರು ಇರುವ ಗುಂಪಿನಲ್ಲಿ ವೈರಸ್ ಬೇಗ ಹೋಗಬೇಕಿತ್ತು ಎಂದುಕೊಳ್ಳುವುದು ಸಹಜ. ಇಲ್ಲಿ ಅದಕ್ಕೆ ಉಲ್ಟಾ. ಹಾಗಾಗಿ ವಯಸ್ಸಿನ ವ್ಯತ್ಯಾಸದಿಂದಲೇ ಔಷಧಿಗೆ ಲಾಭವಾಯಿತು ಎಂದು ನೇರವಾಗಿ ಹೇಳಲು ಬರುವುದಿಲ್ಲ.

ಆಮೇಲೆ ದಿನ ದಿನದ ಟೇಬಲ್ ತೆರೆದೆ. ಔಷಧಿ ಪಡೆಯದ ಗುಂಪಿನಲ್ಲಿ ನೆಗೆಟಿವ್ ಆದವರ ಪ್ರಮಾಣ ಹೀಗಿದೆ. ಮೂರನೇ ದಿನ ಶೇಕಡ 6.3. ನಾಲ್ಕನೇ ದಿನ 25. ಐದನೇ ದಿನ 18.8. ಆರನೇ ದಿನ 12.5. ತಲೆ ಲೆಕ್ಕದಲ್ಲಿ ಹೇಳುವುದಾದರೆ 16ರಲ್ಲಿ ಒಬ್ಬರು, ನಾಲ್ವರು, ಮೂವರು, ಇಬ್ಬರು.

ಈ ಸಾಲನ್ನು ನಾನು ಸ್ಲೈಡ್‌ನಲ್ಲಿ ದೊಡ್ಡದಾಗಿ ಹಾಕಿ ಸುಮ್ಮನೆ ನಿಂತೆ. ಮುಂದಿನ ಸಾಲಿನ ಜೂನಿಯರ್ ಒಬ್ಬಳು ಕೈ ಎತ್ತಿದಳು.

"ಸರ್, ಇದು ಕೆಳಗೆ ಯಾಕೆ ಬರ್ತಿದೆ? ಗುಣ ಆದವರು ಮತ್ತೆ ಗುಣ ಆಗದವರು ಆದ್ರಾ?"

ಅವಳು ಹಿಡಿದದ್ದು ಸರಿಯಾದ ಜಾಗವನ್ನೇ. ಪೇಪರ್ ನೆಗೆಟಿವ್ ಆದದ್ದನ್ನು ವೈರಸ್ ಮಟ್ಟದಲ್ಲಿ ಗುಣವಾದದ್ದು ಎಂದು ಕರೆಯುತ್ತದೆ. ಗುಣವಾಗುವುದು ಅಂದರೆ ಒಮ್ಮೆ ಆದರೆ ಮುಗಿಯುವ ಸಂಗತಿ. ಅಂಥದ್ದರ ಗೆರೆ ಏರಬೇಕು, ಇಲ್ಲವೇ ನಿಂತಲ್ಲೇ ನಿಲ್ಲಬೇಕು. ನಾಲ್ಕರಿಂದ ಎರಡಕ್ಕೆ ಇಳಿಯಬಾರದು. ಇಳಿಯಿತು ಅಂದರೆ ನಾವು ಅಳೆಯುತ್ತಿರುವುದು ಗುಣವಾಗುವುದನ್ನಲ್ಲ, ಒಂದು ಸ್ವಾಬ್ ಆ ದಿನ ಏನು ಹೇಳಿತು ಎಂಬುದನ್ನು. ಸ್ವಾಬ್ ಎಷ್ಟು ಒಳಗೆ ಹೋಯಿತು, ಎಷ್ಟು ಲೋಳೆ ಬಂತು, ಇದರ ಮೇಲೆ ಇವತ್ತು ನೆಗೆಟಿವ್, ನಾಳೆ ಪಾಸಿಟಿವ್ ಆಗುವುದುಂಟು. ವೈರಸ್ ಅಂಚಿನಲ್ಲಿದ್ದಾಗಲಂತೂ ಇದು ಮಾಮೂಲು. ಔಷಧಿ ಪಡೆದ ಕಡೆಯೂ ಹಾಗೇ ಆಗಿದೆ. ಎರಡೂ ಔಷಧಿ ಪಡೆದು ಆರನೇ ದಿನ ನೆಗೆಟಿವ್ ಎಂದು ಲೆಕ್ಕಕ್ಕೆ ಬಂದ ಒಬ್ಬರು ಎಂಟನೇ ದಿನ ಮತ್ತೆ ಪಾಸಿಟಿವ್ ಬಂದರು ಎಂದು ಪೇಪರೇ ಹೇಳುತ್ತದೆ. ಸತ್ತುಹೋದ ರೋಗಿಯದ್ದು ಇನ್ನೂ ವಿಚಿತ್ರ. ಅವರು ಮೂರನೇ ದಿನ ತೀರಿಕೊಂಡರು. ಎರಡನೇ ದಿನ ಅವರ ಸ್ವಾಬ್ ನೆಗೆಟಿವ್ ಇತ್ತು. ಪೇಪರ್‌ನ ಅಳತೆಗೋಲಿನಲ್ಲಿ ಅವರು ಸಾಯುವ ಹಿಂದಿನ ದಿನ ಗುಣವಾಗಿದ್ದರು.

ಈ ಕಡೆಯ ಸಾಲು ಹೇಳಿದಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಫಲಿತಾಂಶ ಅಂತ ಏನನ್ನು ಆರಿಸಿಕೊಳ್ಳುತ್ತೇವೆ ಎನ್ನುವುದು ಎಷ್ಟು ದೊಡ್ಡ ವಿಷಯ ಎಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

ಟೇಬಲ್‌ನಲ್ಲಿ ಇನ್ನೊಂದು ಸಂಗತಿ ಇತ್ತು. ಹೆಚ್ಚಿನ ಸಾಲುಗಳಲ್ಲಿ ಪಿಸಿಆರ್‌ನ ಸಿಟಿ ಮೌಲ್ಯ ಬರೆದಿದ್ದಾರೆ, 24 ಎಂದೋ 31 ಎಂದೋ. ಕಡಿಮೆ ಅಂಕಿ ಅಂದರೆ ಜಾಸ್ತಿ ವೈರಸ್. 35 ದಾಟಿದರೆ ನೆಗೆಟಿವ್ ಎಂದು ಲೆಕ್ಕ. ಆದರೆ ಬಲಗಡೆಯ ಗುಂಪಿನ ಕೆಲವು ಸಾಲುಗಳಲ್ಲಿ ಅಂಕಿಯೇ ಇಲ್ಲ, ಬರೀ ಪಾಸಿಟಿವ್ ಅಥವಾ ನೆಗೆಟಿವ್ ಎಂದಿದೆ. ಕೆಲವು ದಿನ ಪರೀಕ್ಷೆಯನ್ನೇ ಮಾಡಿಲ್ಲ. ಆದರೂ ಪ್ರತಿ ದಿನದ ಶೇಕಡಾವಾರು ಲೆಕ್ಕದಲ್ಲಿ ಛೇದ 16 ಆಗಿಯೇ ಉಳಿದಿದೆ. ಮಾಡದ ಪರೀಕ್ಷೆಗೆ ಯಾವುದೋ ಒಂದು ಉತ್ತರ ತುಂಬದೆ ಹೀಗಾಗುವುದಿಲ್ಲ.

ಅಂಕಿ ಇರುವುದು ಒಂದು ಕಡೆ, ಇಲ್ಲದಿರುವುದು ಒಂದು ಕಡೆ. ಇದನ್ನು ನೋಡಿದಾಗ ಲ್ಯಾಬ್‌ನಲ್ಲಿ ಕೆಲಸ ಮಾಡಿದ ಯಾರಿಗಾದರೂ ಬರುವ ಅನುಮಾನ ಒಂದೇ. ಎರಡೂ ಕಡೆ ಒಂದೇ ರೀತಿಯಲ್ಲಿ ಪರೀಕ್ಷೆ ಮಾಡಿ, ಒಂದೇ ಗೆರೆ ಇಟ್ಟುಕೊಂಡು ಓದಿದರೇ? ಪೇಪರ್ ಹಿಂಪಡೆದಾಗ ಜರ್ನಲ್ ಹಾಕಿದ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರ ಇದೆ. ಪೇಪರ್‌ನ ಲೇಖಕರಲ್ಲೇ ಮೂವರು ವಿಧಾನದ ಬಗ್ಗೆ ತಕರಾರು ಎತ್ತಿದರು. ಅವರಲ್ಲಿ ಒಬ್ಬರು ಹೇಳಿದ್ದು ಇದನ್ನೇ. ನೀಸ್‌ನಲ್ಲಿ ಪರೀಕ್ಷೆಗಳನ್ನು ಅಲ್ಲಿನ ರಾಷ್ಟ್ರೀಯ ಉಲ್ಲೇಖ ಕೇಂದ್ರದ ಶಿಫಾರಸಿನಂತೆ ಓದಿದ್ದರು. ಮಾರ್ಸೆಯಲ್ಲಿ ಅದೇ ತಂತ್ರ ಅಥವಾ ಅದೇ ಶಿಫಾರಸು ಬಳಸಿರಲಿಲ್ಲ ಎಂಬುದು ಅವರ ನಂಬಿಕೆ.

ಇದು ಗಂಭೀರವಾದ ಮಾತು. ಹಾಲಿನ ಡೈರಿಯಲ್ಲಿ ಒಬ್ಬರ ಹಾಲನ್ನು ಒಂದು ಅಳತೆಯಲ್ಲಿ, ಇನ್ನೊಬ್ಬರದ್ದನ್ನು ಬೇರೆ ಅಳತೆಯಲ್ಲಿ ಅಳೆದು ಯಾರ ಹಸು ಜಾಸ್ತಿ ಕರೆಯಿತು ಎಂದು ತೀರ್ಪು ಕೊಟ್ಟ ಹಾಗೆ. ವ್ಯತ್ಯಾಸ ಔಷಧಿಯದ್ದೋ ಅಳತೆಯದ್ದೋ ಬೇರ್ಪಡಿಸಲು ಆಗುವುದೇ ಇಲ್ಲ. ಯಾಕೆಂದರೆ ಊರು ಬದಲಾದ ಕಡೆಯೇ ಔಷಧಿಯೂ ಬದಲಾಗಿದೆ.

ಮತ್ತೆ ಅದೇ ಪ್ರಶ್ನೆ. ಉತ್ತರ ಬದಲಾಗುತ್ತಾ? ಇದಕ್ಕೂ ಒಂದು ಲೆಕ್ಕ ಹಾಕಿದ್ದೆ. ಬಿಟ್ಟ ಆರು ಜನರನ್ನು ಸೇರಿಸಿದ 26ರ ಲೆಕ್ಕವನ್ನೇ ಇಟ್ಟುಕೊಳ್ಳೋಣ. ಬಲಗಡೆ ಪಾಸಿಟಿವ್ ಎಂದು ಬರೆದವರಲ್ಲಿ ಮೂವರು ಮಾತ್ರ, ಮಾರ್ಸೆಯ ಗೆರೆ ಇಟ್ಟು ಓದಿದ್ದರೆ ನೆಗೆಟಿವ್ ಆಗುತ್ತಿದ್ದರು ಎಂದುಕೊಳ್ಳೋಣ. 2/16 ಹೋಗಿ 5/16 ಆಗುತ್ತದೆ.

```r
fisher.test(matrix(c(14, 12, 5, 11), nrow = 2))$p.value
```

ಬರುವುದು ಸುಮಾರು 0.21. ಮೂರು ಸ್ವಾಬ್‌ಗಳು ಬೇರೆ ರೀತಿ ಓದಿಸಿಕೊಂಡರೆ ಸಾಕು, ಜಗತ್ತೆಲ್ಲ ಸುದ್ದಿಯಾದ ವ್ಯತ್ಯಾಸ ಆಕಸ್ಮಿಕದಿಂದ ಬೇರ್ಪಡಿಸಲಾಗದ ಹಾಗೆ ಆಗುತ್ತದೆ. ಮೂವರದ್ದು ನಿಜವಾಗಿ ಹಾಗಿತ್ತು ಎಂದು ನಾನು ಹೇಳುತ್ತಿಲ್ಲ, ಅದನ್ನು ಸ್ಲೈಡ್‌ನಲ್ಲೂ ಬರೆದಿದ್ದೆ. ಈ ಫಲಿತಾಂಶ ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂದು ತೋರಿಸುವ ಲೆಕ್ಕ ಅದು. ಸ್ಯಾಂಪಲ್ ಚಿಕ್ಕದಾಗಿದ್ದರಿಂದ ಏನಾಯಿತು ಎಂಬ ಮೇಡಂ ಪ್ರಶ್ನೆಗೆ ಉತ್ತರವೂ ಇದೇ. ಆರು ಜನರನ್ನು ಕೈಬಿಟ್ಟದ್ದು ಕಣ್ಣಿಗೆ ರಾಚುವ ತಪ್ಪು, ಆದರೆ ಉತ್ತರವನ್ನು ಉರುಳಿಸಲಿಲ್ಲ. ಎರಡು ಊರಿನ ಎರಡು ಅಳತೆ ಕಣ್ಣಿಗೆ ಬೀಳದ ತಪ್ಪು, ಅದು ಉರುಳಿಸುತ್ತದೆ.

ಇನ್ನು ಅಜಿತ್ರೋಮೈಸಿನ್ ವಿಷಯ. ಪೇಪರ್‌ನಿಂದ ಹೊರಗೆ ಹರಡಿದ್ದು ಮುಖ್ಯವಾಗಿ ಈ ಜೋಡಿಯ ಸುದ್ದಿ. ಎರಡೂ ಔಷಧಿ ಪಡೆದವರಲ್ಲಿ ಆರನೇ ದಿನ ಶೇಕಡ 100 ನೆಗೆಟಿವ್, ಒಂದೇ ಪಡೆದವರಲ್ಲಿ 57.1, ಏನೂ ಪಡೆಯದವರಲ್ಲಿ 12.5. ಪಿ ಮೌಲ್ಯ 0.001ಕ್ಕಿಂತ ಕಡಿಮೆ. ಓದಿದವರಿಗೆ ಎರಡನೇ ಔಷಧಿ ಸೇರಿಸಿದ್ದಕ್ಕೇ ಈ ಪಿ ಮೌಲ್ಯ ಬಂದಿದೆ ಅನ್ನಿಸುತ್ತದೆ. ಆದರೆ ಅದು ಮೂರೂ ಗುಂಪನ್ನು ಒಟ್ಟಿಗೆ ಇಟ್ಟು ಹಾಕಿದ ಲೆಕ್ಕ. ಮೂರರಲ್ಲಿ ಯಾವುದೋ ಒಂದು ಕಡೆ ವ್ಯತ್ಯಾಸ ಇದೆ ಎಂದಷ್ಟೇ ಅದು ಹೇಳುತ್ತದೆ. ಜೋಡಿಯನ್ನು ಒಂಟಿ ಔಷಧಿಯ ಜೊತೆ ಮಾತ್ರ ಹೋಲಿಸಿದರೆ 6ರಲ್ಲಿ 6, 14ರಲ್ಲಿ 8. ಅದರ ಪಿ ಮೌಲ್ಯ ಸುಮಾರು 0.11. ಶೇಕಡ 100 ಎಂದು ಬರೆದಾಗ ಆರು ಜನ ಕಾಣುವುದಿಲ್ಲ. ಜೊತೆಗೆ ಆ ಆರು ಜನರಿಗೆ ಅಜಿತ್ರೋಮೈಸಿನ್ ಕೊಟ್ಟದ್ದು ಬ್ಯಾಕ್ಟೀರಿಯಾ ಸೋಂಕು ಆಗದಿರಲಿ ಎಂದು, ವೈದ್ಯರ ವಿವೇಚನೆಯ ಮೇಲೆ. ಅಲ್ಲೂ ಚೀಟಿ ಎತ್ತಿರಲಿಲ್ಲ.

ಬಯೋಸ್ಟ್ಯಾಟಿಸ್ಟಿಕ್ಸ್ ಕಲಿಸುವ ಸರ್ ಇಲ್ಲಿ ನನ್ನನ್ನು ನಿಲ್ಲಿಸಿದರು. "0.11 ಬಂತು ಅಂದ್ರೆ ವ್ಯತ್ಯಾಸ ಇಲ್ಲ ಅಂತಲ್ಲ, ಗೊತ್ತಲ್ವಾ?" ಎಂದು ಎಲ್ಲರ ಕಡೆ ತಿರುಗಿ ಕೇಳಿದರು. ಹೌದು, ಆರು ಜನರಿಂದ ಇದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು. ಅವರು ಹೇಳಿದ ಈ ಮಾತು ಮುಂದಿನ ಸ್ಲೈಡ್‌ಗೆ ಸರಿಯಾಗಿ ಹೊಂದಿಕೊಂಡಿತು.

ಯಾಕೆಂದರೆ ಎದುರು ದಿಕ್ಕಿನಲ್ಲೂ ಜನ ಜಾರುತ್ತಾರೆ. ಐಸಿಯುಗೆ ಹೋದವರು ಮತ್ತು ಸತ್ತವರು ಸೇರಿ ನಾಲ್ವರು, ನಾಲ್ವರೂ ಔಷಧಿ ಪಡೆದ ಕಡೆಯವರು. 26ರಲ್ಲಿ 4, ಆ ಕಡೆ 16ರಲ್ಲಿ ಸೊನ್ನೆ. "ಹಾಗಾದ್ರೆ ಔಷಧಿಯೇ ಕೆಟ್ಟದ್ದು ಮಾಡಿತು" ಎಂದು ಎಷ್ಟೋ ಜನ ಬರೆದಿದ್ದಾರೆ. ಲೆಕ್ಕ ಹಾಕಿದರೆ ಪಿ ಮೌಲ್ಯ 0.28ರ ಹತ್ತಿರ ಬರುತ್ತದೆ. ಮೇಲಾಗಿ ಆ ಗುಂಪಿನವರ ಸರಾಸರಿ ವಯಸ್ಸು ಹದಿನಾಲ್ಕು ವರ್ಷ ಜಾಸ್ತಿ. ಕೋವಿಡ್‌ನಲ್ಲಿ ಅದೊಂದೇ ಈ ವ್ಯತ್ಯಾಸಕ್ಕೆ ಸಾಕಾಗಬಹುದು. ಲಾಭ ಆಯಿತು ಎನ್ನಲು ಈ ಅಧ್ಯಯನ ಸಾಲದಿದ್ದರೆ, ಕೇಡಾಯಿತು ಎನ್ನಲೂ ಸಾಲದು. ನಮಗೆ ಇಷ್ಟವಾಗುವ ದಿಕ್ಕಿನಲ್ಲಿದೆ ಎಂದು ಅದೇ 42 ಜನರ ಮೇಲೆ ಜಾಸ್ತಿ ಭಾರ ಹಾಕಬಾರದು.

ನೋಂದಣಿ ವಿಷಯವನ್ನು ಬೇಗ ಮುಗಿಸಿದೆ. ಯುರೋಪಿನ ಟ್ರಯಲ್ ನೋಂದಣಿಯಲ್ಲಿ ಒಂದು, ನಾಲ್ಕು, ಏಳು ಮತ್ತು ಹದಿನಾಲ್ಕನೇ ದಿನ ವೈರಸ್ ನೋಡುತ್ತೇವೆ ಎಂದಿದ್ದರು. ಪೇಪರ್‌ನಲ್ಲಿ ಬಂದದ್ದು ಆರನೇ ದಿನ. ಸ್ಯಾಂಪಲ್ ಲೆಕ್ಕದಲ್ಲಿ 48 ಜನ ಬೇಕೆಂದು ಬರೆದಿದ್ದರು, 42ಕ್ಕೆ ಬರೆದು ಕಳಿಸಿದರು. ಹದಿನಾಲ್ಕು ದಿನ ಕಾಯದೆ ನಡುವೆ ನಿಲ್ಲಿಸಿದಾಗ, ವ್ಯತ್ಯಾಸ ಎದ್ದು ಕಂಡ ದಿನವೇ ಸಿಗುವ ಸಂಭವ ಜಾಸ್ತಿ. ಜರ್ನಲ್‌ಗೆ ತಲುಪಿದ್ದು ಮಾರ್ಚ್ 16, ಒಪ್ಪಿಕೊಂಡದ್ದು 17. ಲೇಖಕರಲ್ಲಿ ಒಬ್ಬರು ಅದೇ ಜರ್ನಲ್‌ನ ಪ್ರಧಾನ ಸಂಪಾದಕರು. ಈ ಪೇಪರ್‌ನ ವಿಮರ್ಶೆಯಲ್ಲಿ ಅವರ ಪಾತ್ರ ಇರಲಿಲ್ಲ ಎಂದು ಜರ್ನಲ್ ತಿಳಿಸಿದೆ, ಅದನ್ನೂ ನಾನು ಹೇಳಿದೆ. ಇವು ಅನುಮಾನ ಹುಟ್ಟಿಸುವ ಸಂಗತಿಗಳು ನಿಜ. ಆದರೆ ಪೇಪರ್ ಒಳಗಿನ ಲೆಕ್ಕಕ್ಕೆ ಇವು ಉತ್ತರ ಆಗುವುದಿಲ್ಲ. ಅದಕ್ಕೇ ಕೊನೆಗೆ ಇಟ್ಟುಕೊಂಡಿದ್ದೆ.

ಚರ್ಚೆಗೆ ಬಿಟ್ಟಾಗ ಮೊದಲು ಎದ್ದದ್ದು ಕ್ಲಿನಿಕಲ್ ಕಡೆಯಿಂದ ಬಂದ ಒಬ್ಬ ಗೆಳೆಯ. ಆತ ಆ ವರ್ಷ ವಾರ್ಡ್‌ನಲ್ಲಿ ಡ್ಯೂಟಿ ಮಾಡಿದವನು. "ನೀವು ಎಸಿ ರೂಮಲ್ಲಿ ಕೂತು ಹೇಳ್ತಿದೀರಿ. ಮಾರ್ಚ್ ತಿಂಗಳಲ್ಲಿ ಕೈಯಲ್ಲಿ ಏನೂ ಇರಲಿಲ್ಲ. ರೋಗಿಗಳು ಎದುರಿಗೆ ಸಾಯ್ತಿರುವಾಗ ಚೀಟಿ ಎತ್ತು ಅಂದ್ರೆ ಹೇಗೆ ಎತ್ತೋದು?" ಎಂದ.

ಅವನ ಮಾತಿನಲ್ಲಿ ತೂಕ ಇತ್ತು. ಅದಕ್ಕೆ ಲೆಕ್ಕದ ಉತ್ತರ ಕೊಡುವುದು ಸರಿ ಅನ್ನಿಸಲಿಲ್ಲ. ಒಂದು ದಿನಾಂಕ ಹೇಳಿದೆ. ಬ್ರಿಟನ್‌ನ ರಿಕವರಿ ಟ್ರಯಲ್ ತನ್ನ ಮೊದಲ ರೋಗಿಯನ್ನು ಸೇರಿಸಿಕೊಂಡದ್ದು 2020ರ ಮಾರ್ಚ್ 19. ಮಾರ್ಸೆಯ ಪೇಪರ್ ಪ್ರಕಟವಾಗಿದ್ದು ಮಾರ್ಚ್ 20. ಅದೇ ವಾರ, ಅದೇ ರೋಗ, ಅದೇ ಗಾಬರಿ. ಅಲ್ಲೂ ವಾರ್ಡ್‌ಗಳು ತುಂಬುತ್ತಿದ್ದವು. ಅವರು ಮಾಡಿದ್ದು ಇಷ್ಟೇ, ವಿವರ ತುಂಬುವ ಫಾರಂ ಚಿಕ್ಕದಾಗಿಸಿದರು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಕಂಪ್ಯೂಟರ್ ಆರಿಸುವ ಹಾಗೆ ಮಾಡಿದರು. ನೋಡುವ ಮುಖ್ಯ ಫಲಿತಾಂಶ ಒಂದೇ: 28ನೇ ದಿನ ರೋಗಿ ಬದುಕಿದ್ದಾರಾ ಇಲ್ಲವಾ. ಜೂನ್ ತಿಂಗಳಿಗೆ ಉತ್ತರ ಸಿಕ್ಕಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದ 1561 ಜನರಲ್ಲಿ ಶೇಕಡ 27, ಸಾಮಾನ್ಯ ಚಿಕಿತ್ಸೆ ಪಡೆದ 3155 ಜನರಲ್ಲಿ ಶೇಕಡ 25 ಜನ ತೀರಿಕೊಂಡಿದ್ದರು. ಔಷಧಿಯಿಂದ ಜೀವ ಉಳಿಯಲಿಲ್ಲ. ಅದೇ ಟ್ರಯಲ್‌ನಲ್ಲಿ, ಅದೇ ತಿಂಗಳು, ಡೆಕ್ಸಾಮೆಥಸೋನ್ ಜೀವ ಉಳಿಸುತ್ತದೆ ಎಂದೂ ಗೊತ್ತಾಯಿತು. ಚೀಟಿ ಎತ್ತಿದ್ದರಿಂದಲೇ ಅದು ಗೊತ್ತಾದದ್ದು.

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಡೆಕ್ಸಾ ಬಂದ ಮೇಲೆ ನಮಗೂ ಒಂಚೂರು ಉಸಿರು ಬಂತು ಬಿಡು" ಎಂದ. ಆದರೂ ಪೂರ್ತಿ ಒಪ್ಪಲಿಲ್ಲ. ಸಾವಿರಾರು ರೋಗಿಗಳ ಟ್ರಯಲ್ ಮಾಡಲು ಅಂಥ ಆರೋಗ್ಯ ವ್ಯವಸ್ಥೆ ಬೇಕು, ಒಂದು ಆಸ್ಪತ್ರೆ ತನ್ನಷ್ಟಕ್ಕೆ ಮಾಡಲಾಗದು ಎಂದು ವಾದಿಸಿದ. ಅದೂ ನಿಜವೇ. ಆದರೆ ಮಾರ್ಸೆಯಲ್ಲಿ ಇದ್ದ ರೋಗಿಗಳನ್ನೇ ಎರಡು ಗುಂಪು ಮಾಡಿ, ಒಂದೇ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿದ್ದರೆ, ಸಂಖ್ಯೆ ಚಿಕ್ಕದಿದ್ದರೂ ಕನಿಷ್ಠ ಅಳತೆ ಒಂದೇ ಇರುತ್ತಿತ್ತು ಎಂದು ಜೂನಿಯರ್ ಹುಡುಗಿ ಹೇಳಿದಳು. ಇದಕ್ಕೆ ಯಾರಿಂದಲೂ ಎದುರು ಮಾತು ಬರಲಿಲ್ಲ.

ಕೊನೆಗೆ ಮೇಡಂ ಒಂದು ಕೆಲಸ ಕೊಟ್ಟರು. ಪೇಪರ್‌ನ ತೀರ್ಮಾನದ ವಾಕ್ಯವನ್ನು, ಅದರ ಒಳಗಿನ ಅಂಕಿಗಳು ತಡೆದುಕೊಳ್ಳುವಷ್ಟೇ ಭಾರ ಹಾಕಿ ಹೊಸದಾಗಿ ಬರೆಯಿರಿ ಎಂದರು. ಮೂಲದಲ್ಲಿ ಇದ್ದದ್ದು, ಸ್ಯಾಂಪಲ್ ಚಿಕ್ಕದಾದರೂ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೂ ವೈರಸ್ ಕಡಿಮೆಯಾಗುವುದಕ್ಕೂ ಗಣನೀಯ ಸಂಬಂಧ ಇದೆ, ಅಜಿತ್ರೋಮೈಸಿನ್ ಸೇರಿದರೆ ಪರಿಣಾಮ ಇನ್ನೂ ಬಲವಾಗುತ್ತದೆ ಎಂಬ ಅರ್ಥದ ಮಾತು. ಎಲ್ಲರೂ ಬರೆದರು. ಮೇಡಂ ಒಂದೊಂದಾಗಿ ಓದಿಸಿ, ಅಂಕಿ ಒಪ್ಪದ ಪದಗಳನ್ನು ಹೊಡೆದು ಹಾಕಿಸಿದರು. "ಪರಿಣಾಮ" ಹೋಯಿತು. "ಗುಣ" ಹೋಯಿತು. "ಬಲ" ಹೋಯಿತು. ಬೋರ್ಡ್ ಮೇಲೆ ಉಳಿದದ್ದು ಇದು:

"ಮಾರ್ಸೆಯಲ್ಲಿ ಔಷಧಿ ಪಡೆದ 26 ಜನರಲ್ಲಿ 14 ಜನರ ಸ್ವಾಬ್ ಆರನೇ ದಿನ ನೆಗೆಟಿವ್ ಎಂದು ದಾಖಲಾಗಿದೆ, ನಾಲ್ವರು ಐಸಿಯುಗೆ ಹೋದರು ಅಥವಾ ತೀರಿಕೊಂಡರು. ಔಷಧಿ ಪಡೆಯದ 16 ಜನರನ್ನು ಬೇರೆ ಆಸ್ಪತ್ರೆಗಳಿಂದಲೂ ಆರಿಸಿದ್ದು, ಎಲ್ಲರ ಪರೀಕ್ಷೆಯೂ ಒಂದೇ ರೀತಿ ನಡೆದಿಲ್ಲದ ಕಾರಣ ಎರಡು ಗುಂಪನ್ನು ಹೋಲಿಸಲಾಗದು."

ಸರ್ ಅದನ್ನು ಮತ್ತೊಮ್ಮೆ ಓದಿ, "ಇದನ್ನು ಬರೆದು ಕಳಿಸಿದ್ರೆ ಯಾವ ಜರ್ನಲ್ ತಗೊಳ್ತಿತ್ತು?" ಎಂದು ಕೇಳಿದರು. ಹತ್ತಿಪ್ಪತ್ತು ರೋಗಿಗಳ ವಿವರ ಅಷ್ಟೇ ಇರುವ ವರದಿಗಳನ್ನು ಆ ದಿನಗಳಲ್ಲಿ ತಗೊಳ್ಳುತ್ತಿದ್ದರು ಎಂದು ಒಬ್ಬರು, ಯಾರೂ ಓದುತ್ತಿರಲಿಲ್ಲ ಎಂದು ಇನ್ನೊಬ್ಬರು. ವಾದ ಕಾಫಿ ತನಕ ಹೋಯಿತು. ಮುಂದಿನ ಸರದಿಯ ಜೂನಿಯರ್ ಅಷ್ಟರಲ್ಲೇ ರಿಕವರಿಯ ಪೇಪರ್ ತೆಗೆದುಕೊಳ್ಳುವುದಾಗಿ ಹೇಳಿದಳು. ಯಾರಿಗೆ ಯಾವ ಔಷಧಿ ಎಂದು ಅಲ್ಲಿ ವೈದ್ಯರಿಗೂ ರೋಗಿಗೂ ಗೊತ್ತಿತ್ತು, ಸಾವನ್ನು ಲೆಕ್ಕ ಹಾಕುವಾಗ ಅದರಿಂದ ಉತ್ತರ ಬದಲಾಗುತ್ತಾ ಎಂದು ನೋಡಬೇಕಂತೆ.